ಲೈಟು ಹಸಿರು, ಪುಟ ಖಾಲಿ

ಮಳೆಗಾಲದಲ್ಲಿ ನಮ್ಮ ಚಂದಗುಳಿ ಕಡೆ ನೆಟ್ ಹೋದರೆ ಯಾರೂ ಹುಬ್ಬೇರಿಸುವುದಿಲ್ಲ. ಕಾಡಿನ ನಡುವೆ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಕೇಬಲ್ಲು. ಗಾಳಿಗೆ ಒಂದು ಮರ ಅಡ್ಡ ಬಿದ್ದರೆ ಮುಗಿಯಿತು. ಮೋಡೆಮ್ಮಿನಲ್ಲಿ ಎಲ್‌ಓಎಸ್ ಎಂದು ಬರೆದ ಕಡೆ ಕೆಂಪು ಲೈಟು ಮಿನುಗತೊಡಗುತ್ತದೆ. ಮನೆಯವರು ಯಲ್ಲಾಪುರಕ್ಕೆ ಫೋನ್ ಹಚ್ಚಿ, ಲೈನ್‌ಮನ್ ಬರುವವರೆಗೆ ತೋಟದ ಕಡೆ ಹೋಗುತ್ತಾರೆ. ಕೆಂಪು ಲೈಟಿನ ಗುಣವೇ ಅದು, ಚರ್ಚೆಗೆ ಆಸ್ಪದ ಕೊಡುವುದಿಲ್ಲ. ತಂತಿಯಲ್ಲಿ ಬೆಳಕು ಬರುತ್ತಿಲ್ಲ ಎಂದರೆ ಬರುತ್ತಿಲ್ಲ.

ತಲೆ ಕೆಡಿಸುವುದು ಇನ್ನೊಂದು ಬಗೆಯದು. ಪವರ್ ಹಸಿರು, ಪಾನ್ ಹಸಿರು, ಇಂಟರ್‌ನೆಟ್ ಹಸಿರು, ವೈಫೈ ಹಸಿರು. ಮೊಬೈಲಿನಲ್ಲಿ ಮಾತ್ರ ಅಡಿಕೆ ದರ ನೋಡಲು ಹೋದರೆ ಬಿಳಿ ಪುಟ, ಮೇಲೊಂದು ಸುತ್ತುವ ಚಕ್ರ. "ಲೈಟೆಲ್ಲಾ ಹಸಿರೇ ಇದ್ದು, ಒಂದೂ ಪೇಜು ಬತ್ತಿಲ್ಲೆ" ಎಂದು ಕಸ್ಟಮರ್ ಕೇರ್‌ಗೆ ಹೇಳಿದರೆ ಅತ್ತಲಿಂದ ಬರುವ ಉತ್ತರ ಎಲ್ಲರಿಗೂ ಗೊತ್ತು: ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್. ಮಾಡುತ್ತೇವೆ. ಕೆಲವೊಮ್ಮೆ ಸರಿಯಾಗುತ್ತದೆ, ಏಕೆ ಸರಿಯಾಯಿತೆಂದು ತಿಳಿಯುವುದಿಲ್ಲ. ಆಗದಿದ್ದರೆ ಇನ್ನೊಮ್ಮೆ ಮಾಡುತ್ತೇವೆ.

ಆ ಹಸಿರು ಲೈಟು ಹೇಳುವುದಾದರೂ ಏನನ್ನು ಎಂಬುದರಿಂದ ಶುರು ಮಾಡಬೇಕು. ಪಾನ್ ಲೈಟು ಸ್ಥಿರವಾಗಿ ಉರಿಯುತ್ತಿದೆಯೆಂದರೆ ನಮ್ಮ ಮೋಡೆಮ್ಮಿಗೂ ಎಕ್ಸ್‌ಚೇಂಜಿನ ಯಂತ್ರಕ್ಕೂ ಫೈಬರ್ ಮೂಲಕ ಸಂಪರ್ಕವಿದೆ. ಅಂದರೆ ಕಂಬದ ಮೇಲಿನ ಕೇಬಲ್ಲು ಗಟ್ಟಿಯಾಗಿದೆ. ಇಂಟರ್‌ನೆಟ್ ಲೈಟು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ನಮ್ಮ ಕಡೆಯ ಹೆಚ್ಚಿನ ಫೈಬರ್ ಸಂಪರ್ಕಗಳಲ್ಲಿ ಮೋಡೆಮ್ಮು ತನ್ನೊಳಗೆ ಬರೆದಿಟ್ಟ ಬಳಕೆದಾರ ಹೆಸರು, ಪಾಸ್‌ವರ್ಡ್ ಹೇಳಿ ಕಂಪನಿಯ ದೊಡ್ಡ ಯಂತ್ರವೊಂದರ ಬಳಿ ಒಳಗೆ ಬಿಡು ಎಂದು ಕೇಳುತ್ತದೆ. ಈ ಯಂತ್ರ ಊರಿನ ಎಕ್ಸ್‌ಚೇಂಜಿನಲ್ಲೇ ಇರಬೇಕೆಂದಿಲ್ಲ, ಸಾಮಾನ್ಯವಾಗಿ ದೂರದ ದೊಡ್ಡ ಪಟ್ಟಣದಲ್ಲಿರುತ್ತದೆ. ಅದು ಒಪ್ಪಿ ಒಂದು ವಿಳಾಸ ಕೊಟ್ಟಿತೆಂದರೆ ಲೈಟು ಹಸಿರಾಗುತ್ತದೆ. ಅಷ್ಟೇ. ಆ ಯಂತ್ರದಿಂದಾಚೆ ಜಗತ್ತು ಇದೆಯೋ ಇಲ್ಲವೋ ಎಂಬುದನ್ನು ಲೈಟು ನೋಡಿಲ್ಲ. ಈಚೆ ನಮ್ಮ ಕೈಯಲ್ಲಿರುವ ಮೊಬೈಲು ಸರಿಯಿದೆಯೋ ಇಲ್ಲವೋ ಎಂಬುದನ್ನೂ ನೋಡಿಲ್ಲ. ಬಾಗಿಲವರೆಗೆ ಹೋದೆ ಎಂದಷ್ಟೇ ಅದರ ಸಾಕ್ಷಿ.

ಇದರಿಂದ ಒಂದು ಉಪಕಾರವಿದೆ. ಲೈಟು ನಿಜಕ್ಕೂ ಹಸಿರಾಗಿಯೇ ಉಳಿದಿದ್ದರೆ, ಮರ ಬಿದ್ದು ಕಂಪನಿಯ ಯಂತ್ರದವರೆಗಿನ ತಂತಿ ತುಂಡಾಗಿರುವ ಸಂಭವ ಬಹುತೇಕ ಹೋಯಿತು. ಬಹುತೇಕ ಎನ್ನಲು ಕಾರಣವಿದೆ: ಎಕ್ಸ್‌ಚೇಂಜಿನಿಂದಾಚೆ ಕೇಬಲ್ಲು ಕಡಿದರೂ ಮೋಡೆಮ್ಮಿಗೆ ಅದು ಆ ಕ್ಷಣವೇ ಗೊತ್ತಾಗುವುದಿಲ್ಲ. ಆಗಾಗ ಕಳಿಸುವ 'ಇದ್ದೀಯಾ' ಎಂಬ ಕರೆಗಳಿಗೆ ಹಲವು ಬಾರಿ ಉತ್ತರ ಬಾರದಿದ್ದ ಮೇಲೆಯೇ ಅದು ಲೈಟು ಆರಿಸುವುದು. ಹಾಗಾಗಿ ನೆಟ್ ನಿಂತ ಕೂಡಲೇ ಲೈಟು ನೋಡಿ ತೀರ್ಮಾನಕ್ಕೆ ಬರಬಾರದು. ಒಂದು ಚಹಾ ಕುಡಿದು ಬಂದು ಮತ್ತೆ ನೋಡಬೇಕು. ಆಗಲೂ ಹಸಿರಿದ್ದರೆ ಮಾತ್ರ ಮುಂದಿನ ಪರೀಕ್ಷೆ.

ಉಳಿಯುವ ಅನುಮಾನ ಮೂರರ ಮೇಲೆ. ಕಂಪನಿಯ ಯಂತ್ರದಿಂದಾಚೆಗಿನ ದಾರಿ ಮುಚ್ಚಿರಬಹುದು. ದಾರಿಯೆಲ್ಲ ಚೆನ್ನಾಗಿದ್ದು, ಹೆಸರನ್ನು ವಿಳಾಸವಾಗಿ ಬದಲಿಸಿ ಕೊಡುವ ಡಿಎನ್‌ಎಸ್ ಎಂಬ ವ್ಯವಸ್ಥೆ ಕೈಕೊಟ್ಟಿರಬಹುದು. ಇಲ್ಲವೇ ಅವೆರಡೂ ಸರಿಯಿದ್ದು ನಮ್ಮ ಮೊಬೈಲೋ ಲ್ಯಾಪ್‌ಟಾಪೋ ಕೆಟ್ಟಿರಬಹುದು. ಪರದೆಯ ಮೇಲೆ ಮೂರೂ ಒಂದೇ ರೀತಿ ಕಾಣುತ್ತವೆ, ಅದೇ ಬಿಳಿ ಪುಟ, ಅದೇ ಚಕ್ರ.

ಡಿಎನ್‌ಎಸ್ ಎಂದರೇನೆಂದು ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಅಂತರ್ಜಾಲದಲ್ಲಿ ಯಂತ್ರಗಳು ಒಂದನ್ನೊಂದು ಹುಡುಕುವುದು ಅಂಕಿಗಳ ವಿಳಾಸದಿಂದ. ನಾವು ಬರೆಯುವುದು ಹೆಸರು. ನಡುವೆ ಯಾರೋ ಒಬ್ಬರು ಈ ಹೆಸರಿನ ಅಂಕಿ ಇದು ಎಂದು ಹೇಳಬೇಕು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ ಈ ವ್ಯವಸ್ಥೆಯೇ ಇಂದಿಗೂ ಆ ಕೆಲಸ ಮಾಡುತ್ತಿದೆ. ಮೊಬೈಲಿನ ಕಾಂಟ್ಯಾಕ್ಟ್ ಪಟ್ಟಿ ಅಳಿಸಿಹೋದಾಗ ಏನಾಗುತ್ತದೋ ಡಿಎನ್‌ಎಸ್ ನಿಂತಾಗಲೂ ಅದೇ: ಫೋನ್ ಸರಿಯಿದೆ, ಸಿಗ್ನಲ್ ಇದೆ, ಬಾಯಿಪಾಠ ಇರುವ ನಂಬರಿಗೆ ಕರೆ ಹೋಗುತ್ತದೆ, ಹೆಸರು ಒತ್ತಿದರೆ ಮಾತ್ರ ಯಾರೂ ಸಿಗುವುದಿಲ್ಲ.

ಪರೀಕ್ಷೆಯ ಉಪಾಯ ಹುಟ್ಟುವುದು ಇಲ್ಲಿಂದಲೇ. ಹೆಸರು ಬೇಡದ ಒಂದು ಅಂಕಿಯನ್ನು ನೇರ ಕರೆದು ನೋಡುವುದು. ಅದಕ್ಕೆ ಮೊದಲು ಎರಡು ಸಣ್ಣ ಕೆಲಸವಿದೆ.

ಮೊದಲನೆಯದು, ಮೊಬೈಲ್ ಡೇಟಾ ಆಫ್ ಮಾಡಿ ವೈಫೈ ಒಂದನ್ನೇ ಇಟ್ಟುಕೊಳ್ಳುವುದು. ಇದನ್ನು ಬಿಟ್ಟರೆ ಉಳಿದ ಪರೀಕ್ಷೆಗಳೆಲ್ಲ ಸುಳ್ಳಾಗುತ್ತವೆ. ಈಗಿನ ಮೊಬೈಲುಗಳು ವೈಫೈನಲ್ಲಿ ಇಂಟರ್‌ನೆಟ್ ಇಲ್ಲವೆಂದು ಕಂಡರೆ ಹೇಳದೆ ಕೇಳದೆ ಸಿಮ್ಮಿನ ಡೇಟಾಕ್ಕೆ ಹಾರುತ್ತವೆ. ಮೇಲೆ ವೈಫೈ ಗುರುತೂ ಹಾಗೆಯೇ ಇರುತ್ತದೆ. ಮನೆಯಲ್ಲಿ ಒಬ್ಬರ ಮೊಬೈಲಿಗೆ ಬರುತ್ತಿದೆ, ಇನ್ನೊಬ್ಬರದಕ್ಕೆ ಬರುತ್ತಿಲ್ಲ ಎಂಬ ಜಗಳ ಎಷ್ಟೋ ಸಲ ಹುಟ್ಟುವುದು ಇದರಿಂದ.

ಎರಡನೆಯದು, ಅದೇ ವೈಫೈಗೆ ಇನ್ನೊಂದು ಸಾಧನ ಜೋಡಿಸಿ ನೋಡುವುದು. ಇನ್ನೊಬ್ಬರ ಮೊಬೈಲು, ಟಿವಿ, ಯಾವುದಾದರೂ ಆದೀತು. ಅದರಲ್ಲಿ ಪುಟ ಬಂದರೆ ಕಂಪನಿಯನ್ನೂ ಮೋಡೆಮ್ಮನ್ನೂ ಬಿಟ್ಟುಬಿಡಿ, ಕೆಟ್ಟಿರುವುದು ಮೊದಲ ಸಾಧನ. ಎರಡರಲ್ಲೂ ಬಾರದಿದ್ದರೆ ಸಾಧನದ ಮೇಲಿನ ಅನುಮಾನ ಸದ್ಯಕ್ಕೆ ಬದಿಗಿರಲಿ. ನೋಡುವ ತಾಣವೂ ಒಂದೇ ಆಗಿರಬಾರದು. ಪಹಣಿಯದೋ ಬ್ಯಾಂಕಿನದೋ ತಾಣ ತೆರೆಯದಿದ್ದರೆ ಅದು ಆ ತಾಣದ ಅನಾರೋಗ್ಯವೂ ಆಗಿರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ತಾಣ ನೋಡಬೇಕು. 2021ರ ಅಕ್ಟೋಬರ್ 4ರ ರಾತ್ರಿ ಒಂಬತ್ತು ದಾಟುತ್ತಿದ್ದಂತೆ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಮ್ ಮೂರೂ ಒಟ್ಟಿಗೆ ನಿಂತವು, ಸುಮಾರು ಆರು ಗಂಟೆ ಕಾಲ. ಆ ಕಂಪನಿಯ ಹೆಸರು ಹೇಳುವ ಯಂತ್ರಗಳಿಗೆ ಹೋಗುವ ದಾರಿಗಳನ್ನೇ ಅದರ ಜಾಲ ತಪ್ಪಿ ಹಿಂತೆಗೆದುಕೊಂಡಿತ್ತು. ಇಡೀ ಜಗತ್ತಿನಲ್ಲಿ ಆ ಹೆಸರುಗಳಿಗೆ ಅಂಕಿ ಹೇಳುವವರೇ ಇರಲಿಲ್ಲ. ಉಳಿದ ಅಂತರ್ಜಾಲ ತನ್ನ ಪಾಡಿಗೆ ನಡೆಯುತ್ತಿತ್ತು. ವಾಟ್ಸ್ಆ್ಯಪ್ಪನ್ನೇ ಅಂತರ್ಜಾಲ ಎಂದುಕೊಂಡವರು ಮಾತ್ರ ಆ ರಾತ್ರಿ ಮೋಡೆಮ್ಮಿನ ಸ್ವಿಚ್ಚಿಗೆ ಕೈ ಹಾಕಿದ್ದರು.

ಈಗ ಮುಖ್ಯ ಪರೀಕ್ಷೆ. ಇದಕ್ಕೆ ಕಂಪ್ಯೂಟರ್ ಬೇಡ, ಮೊಬೈಲಿನ ಬ್ರೌಸರೇ ಸಾಕು. ವಿಳಾಸದ ಜಾಗದಲ್ಲಿ ಮೊದಲು ಮನೆಯ ಮೋಡೆಮ್ಮಿನ ಅಂಕಿ ಬರೆಯಿರಿ, ಆಮೇಲೆ ಹೊರಜಗತ್ತಿನ ಒಂದು ಅಂಕಿ.

```
http://192.168.1.1
https://8.8.8.8
```

ಮೊದಲನೆಯದು ಮೋಡೆಮ್ಮಿನ ಲಾಗಿನ್ ಪುಟ ತರಬೇಕು. ಕೆಲವು ಮೋಡೆಮ್ಮುಗಳಲ್ಲಿ ಈ ಅಂಕಿ ಬೇರೆ ಇರುತ್ತದೆ, ಪೆಟ್ಟಿಗೆಯ ಅಡಿಯ ಚೀಟಿ ನೋಡಿ. ಲಾಗಿನ್ ಪುಟ ಬಂದಿತೆಂದರೆ ನಮ್ಮ ಕೈಯಿಂದ ಮೋಡೆಮ್ಮಿನವರೆಗೆ ದಾರಿ ಸರಿ. ಬಾರದಿದ್ದರೆ ತೊಂದರೆ ಮನೆಯೊಳಗೇ ಇದೆ, ವೈಫೈ ಜಗ್ಗಾಡುತ್ತಿದೆ ಅಥವಾ ಮೋಡೆಮ್ಮು ತಾನೇ ಸಿಕ್ಕಿಹಾಕಿಕೊಂಡಿದೆ. ಆಫ್ ಮಾಡಿ ಆನ್ ಮಾಡುವುದಕ್ಕೆ ಅರ್ಥವಿರುವ ಜಾಗ ಇದು.

ಎರಡನೆಯ ಅಂಕಿ ಗೂಗಲ್ 2009ರಿಂದ ಎಲ್ಲರಿಗೂ ತೆರೆದಿಟ್ಟಿರುವ ಡಿಎನ್‌ಎಸ್ ಸೇವೆಯದು. ಅದರ ಚೆಲುವು ಇಲ್ಲಿದೆ. ಅಂಕಿಯಿಂದ ಕರೆದರೆ ಅದು ಉತ್ತರವಾಗಿ ತನ್ನ ಹೆಸರಿನ ಪುಟಕ್ಕೆ ಹೋಗೆಂದು ಬ್ರೌಸರನ್ನು ಕಳಿಸುತ್ತದೆ. ಆಗ ವಿಳಾಸದ ಜಾಗದಲ್ಲಿ ನಾವು ಬರೆದ ಅಂಕಿ ತಾನಾಗಿಯೇ `dns.google` ಎಂದು ಬದಲಾಗುತ್ತದೆ. ಅಂದರೆ ಒಂದೇ ಒತ್ತಿನಲ್ಲಿ ಎರಡು ಪರೀಕ್ಷೆ. ಅಂಕಿ ಹೆಸರಾಗಿ ಬದಲಾಯಿತೆಂದರೆ ನಮ್ಮ ಮಾತು ಹೊರಜಗತ್ತಿಗೆ ಹೋಗಿ ಉತ್ತರ ಬಂದಿದೆ, ಕಂಪನಿಯ ದಾರಿ ತೆರೆದಿದೆ. ಆಮೇಲೆ ಪುಟವೂ ತೆರೆದರೆ ಹೆಸರಿನ ವ್ಯವಸ್ಥೆಯೂ ಸರಿ. ಬದಲಾಗಿ ಅಲ್ಲಿಯೇ ನಿಂತು `ERR_NAME_NOT_RESOLVED` ಅಥವಾ `DNS_PROBE_FINISHED_` ಎಂದು ಶುರುವಾಗುವ ಸಂದೇಶ ಕೊಟ್ಟರೆ ಕಳ್ಳ ಡಿಎನ್‌ಎಸ್. ಇನ್ನು ಅಂಕಿ ಬದಲಾಗದೆ ಚಕ್ರ ಸುತ್ತಿ ಸುತ್ತಿ ಕೊನೆಗೆ `ERR_CONNECTION_TIMED_OUT` ಬಂತೆಂದರೆ ದಾರಿಯೇ ಮುಚ್ಚಿದೆ.

ಒಂದು ಮುನ್ನೆಚ್ಚರಿಕೆ: ಪರೀಕ್ಷೆಗೆ ಮೊದಲು ಮೋಡೆಮ್ ಆಫ್ ಮಾಡಬೇಡಿ. ಆಫ್ ಮಾಡಿದರೆ ಕುರುಹು ಅಳಿಸಿಹೋಗುತ್ತದೆ. ಹೆಸರು ಕೇಳುವ ಕೆಲಸದಲ್ಲಿ ಮೋಡೆಮ್ಮೇ ಎಡವಿತ್ತೋ, ಕಂಪನಿಯ ಯಂತ್ರ ಎಡವಿತ್ತೋ ಎಂಬುದು ಆಮೇಲೆ ತಿಳಿಯುವುದಿಲ್ಲ. ಹಾಗೆಯೇ ಮೋಡೆಮ್ಮಿನ ಹಿಂದಿರುವ, ಸೂಜಿ ಚುಚ್ಚಿ ಒತ್ತುವ ರೀಸೆಟ್ ತೂತಿನ ಕಡೆಗೆ ಕೈ ಹೋಗಲೇಬಾರದು. ಅದು ಆಫ್-ಆನ್ ಅಲ್ಲ. ಬಳಕೆದಾರ ಹೆಸರು, ಪಾಸ್‌ವರ್ಡ್, ಕಂಪನಿ ತುಂಬಿಸಿದ್ದ ಸೆಟ್ಟಿಂಗ್ ಎಲ್ಲವನ್ನೂ ಅದು ಅಳಿಸಬಹುದು. ಡಿಎನ್‌ಎಸ್‌ನ ಅರ್ಧ ಗಂಟೆಯ ತೊಂದರೆಗೆ ಲೈನ್‌ಮನ್ನಿನ ಎರಡು ದಿನದ ದಾರಿ ಕಾಯಬೇಕಾಗುತ್ತದೆ.

ನಮ್ಮ ನೆರೆಮನೆಯಲ್ಲಿ ಆಷಾಢದ ಒಂದು ಬೆಳಗ್ಗೆ ಆದದ್ದನ್ನು ಪೂರ್ತಿ ಹೇಳುತ್ತೇನೆ. ಮನೆಯ ಯಜಮಾನರನ್ನು ನಾನು ಭಾವ ಎಂದು ಕರೆಯುವುದು. ಅವರ ಮಗಳು ಬೆಂಗಳೂರಿನ ಕಂಪನಿಯೊಂದಕ್ಕೆ ಉಪ್ಪರಿಗೆಯ ಮೇಲೆ ಕೂತು ಕೆಲಸ ಮಾಡುತ್ತಾಳೆ. ರಾತ್ರಿಯಿಡೀ ಮಳೆ, ಕರೆಂಟಿಲ್ಲ, ಮೋಡೆಮ್ಮು ಇನ್ವರ್ಟರ್ ಮೇಲೆ ನಡೆಯುತ್ತಿತ್ತು. ಒಂಬತ್ತರ ಮೀಟಿಂಗಿಗೆ ಮೊದಲು ಲ್ಯಾಪ್‌ಟಾಪಿನಲ್ಲಿ ಒಂದೂ ಪುಟ ಇಲ್ಲ.

"ತಂತಿ ಎಲ್ಲೋ ಹೋಜು ಕಾಣ್ತು ತಮ್ಮಾ, ಲೈನ್‌ಮನ್ನಿಗೆ ಫೋನ್ ಮಾಡವು" ಅಂದರು ಭಾವ. ಲೈಟು ನೋಡಿದರೆ ಎಲ್ಲವೂ ಹಸಿರು. ವಿಚಿತ್ರವೆಂದರೆ ಅವರ ಮೊಬೈಲಿಗೆ ವಾಟ್ಸ್ಆ್ಯಪ್ ಸಂದೇಶಗಳು ಬರುತ್ತಲೇ ಇದ್ದವು. ಮೊದಲು ಅವರ ಮೊಬೈಲ್ ಡೇಟಾ ಆಫ್ ಮಾಡಿಸಿದೆವು. ಆಗಲೂ ಬಂದವು. ಇದೇ ಮೊದಲ ಸುಳಿವು. ವಾಟ್ಸ್ಆ್ಯಪ್ಪಿನಂಥವು ಒಮ್ಮೆ ಜೋಡಿಸಿಕೊಂಡ ಸಂಪರ್ಕವನ್ನು ಬಿಡದೆ ಹಿಡಿದಿರುತ್ತವೆ, ಹೊಸದಾಗಿ ಹೆಸರು ಕೇಳುವ ಅಗತ್ಯ ಅವಕ್ಕೆ ಕೂಡಲೇ ಬರುವುದಿಲ್ಲ. ಬ್ರೌಸರಿಗೆ ಹಾಗಲ್ಲ, ಹೊಸ ತಾಣ ತೆರೆದಾಗಲೆಲ್ಲ ಹೆಸರು ಕೇಳಲೇಬೇಕು. ಹಳೆಯ ಸಂಪರ್ಕ ಬದುಕಿ ಹೊಸದು ಹುಟ್ಟದಿದ್ದರೆ ಅನುಮಾನ ಡಿಎನ್‌ಎಸ್ ಕಡೆಗೇ ಹೋಗಬೇಕು.

ಮಗಳ ಮೊಬೈಲಿನಲ್ಲಿಯೂ ಪುಟವಿಲ್ಲ, ಲ್ಯಾಪ್‌ಟಾಪಿನಲ್ಲಿಯೂ ಇಲ್ಲ. ಸಾಧನದ ದೋಷವಲ್ಲ ಎಂದಾಯಿತು. ಬ್ರೌಸರಿನಲ್ಲಿ ಅಂಕಿ ಬರೆದರೆ ಅದು `dns.google` ಆಗಿ ಬದಲಾಗಿ ಅಲ್ಲೇ ನಿಂತಿತು. ದಾರಿ ತೆರೆದಿದೆ, ಹೆಸರು ಸಿಗುತ್ತಿಲ್ಲ. ಭಾವನ ತಂತಿಗೆ ಅಲ್ಲಿಗೆ ಖುಲಾಸೆ.

ಲ್ಯಾಪ್‌ಟಾಪ್ ಕೈಯಲ್ಲಿದ್ದದ್ದರಿಂದ ಇನ್ನೊಂದು ಹೆಜ್ಜೆ ಹೋಗಲು ಸಾಧ್ಯವಾಯಿತು. ಮನೆಯ ಸಾಧನಗಳು ಸಾಮಾನ್ಯವಾಗಿ ಹೆಸರನ್ನು ಕೇಳುವುದು ಮೋಡೆಮ್ಮಿನ ಬಳಿ. ಮೋಡೆಮ್ಮು ಕಂಪನಿಯ ಡಿಎನ್‌ಎಸ್ ಯಂತ್ರದ ಬಳಿ ಕೇಳಿ ತಿಳಿಸುತ್ತದೆ. ಹಾಗಾಗಿ ಎಡವಿರುವುದು ಮೋಡೆಮ್ಮಿನೊಳಗಿನ ಈ ಮಧ್ಯವರ್ತಿಯೂ ಆಗಿರಬಹುದು, ಆಚೆಗಿನ ಯಂತ್ರವೂ ಆಗಿರಬಹುದು. ವಿಂಡೋಸಿನ ಕಪ್ಪು ಕಿಟಕಿಯಲ್ಲಿ ಎರಡು ಸಾಲು ಬರೆದೆವು.

```
nslookup prajavani.net
nslookup prajavani.net 8.8.8.8
```

ಮೊದಲ ಸಾಲಿನ ಪ್ರಶ್ನೆ ಮೋಡೆಮ್ಮಿಗೆ ಹೋಗುತ್ತದೆ. ಅದಕ್ಕೆ `DNS request timed out.` ಎಂದು ಬಂತು. ಎರಡನೆಯದು ಅದೇ ಹೆಸರನ್ನು ಮೋಡೆಮ್ಮನ್ನು ದಾಟಿ ನೇರ ಗೂಗಲಿನ ಯಂತ್ರಕ್ಕೆ ಕೇಳುತ್ತದೆ. ಅದಕ್ಕೆ ತಡವಿಲ್ಲದೆ ಅಂಕಿಗಳು ಬಂದವು. ಈಗ ಮೂರನೆಯ ಪ್ರಶ್ನೆ ಬಾಕಿ. ಮೋಡೆಮ್ಮಿನ ಪುಟದೊಳಗೆ ಹೋಗಿ ವ್ಯಾನ್ ಸ್ಥಿತಿ ತೋರಿಸುವ ಕಡೆ ನೋಡಿದರೆ, ಕಂಪನಿ ಕೊಟ್ಟ ಎರಡು ಡಿಎನ್‌ಎಸ್ ಅಂಕಿಗಳು ಬರೆದಿರುತ್ತವೆ. `8.8.8.8` ಇದ್ದ ಜಾಗದಲ್ಲಿ ಅವನ್ನು ಒಂದೊಂದಾಗಿ ಇಟ್ಟು ಕೇಳಿದೆವು. ಎರಡೂ ಮೌನ. ಅಂದರೆ ಮೋಡೆಮ್ಮೂ ನಿರಪರಾಧಿ, ಕಂಪನಿಯ ಹೆಸರು ಹೇಳುವ ಯಂತ್ರಗಳೇ ಮಲಗಿದ್ದವು. ಅವು ಉತ್ತರ ಕೊಟ್ಟು ಮೋಡೆಮ್ಮು ಮಾತ್ರ ಸುಮ್ಮನಿದ್ದಿದ್ದರೆ, ಮೋಡೆಮ್ಮನ್ನು ಒಮ್ಮೆ ಆಫ್ ಮಾಡಿದರೆ ಸಾಕಾಗುತ್ತಿತ್ತು. ಕಸ್ಟಮರ್ ಕೇರ್ ಮಂತ್ರ ಕೆಲವೊಮ್ಮೆ ಫಲಿಸುವುದರ ಗುಟ್ಟೂ ಇದೇ ಇರಬೇಕು.

ಇಷ್ಟಕ್ಕೆಲ್ಲ ಹತ್ತು ನಿಮಿಷವೂ ಹಿಡಿಯಲಿಲ್ಲ. ಲ್ಯಾಪ್‌ಟಾಪಿನ ವೈಫೈ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ `8.8.8.8` ಬರೆದು ಅವಳು ಮೀಟಿಂಗಿಗೆ ಕೂತಳು. ಮೊಬೈಲಿಗೂ ದಾರಿಯಿದೆ. ಆಂಡ್ರಾಯ್ಡ್ 9ರಿಂದ ಈಚಿನ ಮೊಬೈಲುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೆಟ್ಟಿಂಗ್ ಇರುತ್ತದೆ. ಆದರೆ ಅಲ್ಲಿ ಅಂಕಿ ಹಾಕಿದರೆ ಒಪ್ಪುವುದಿಲ್ಲ, ಹೆಸರೇ ಹಾಕಬೇಕು. ಆ ಹೆಸರಿನ ಅಂಕಿಯನ್ನು ಮೊಬೈಲು ಮೊದಲು ಕಂಪನಿಯ ಡಿಎನ್‌ಎಸ್ ಬಳಿಯೇ ಕೇಳುವುದರಿಂದ, ಅದು ಪೂರ್ತಿ ಮಲಗಿದ್ದರೆ ಈ ಉಪಾಯ ಫಲಿಸದೆಯೂ ಇರಬಹುದು:

```
dns.google
```

ಭಾವ ಕಂಪನಿಗೆ ಫೋನ್ ಮಾಡಿದಾಗ ಮಗಳು ಪಕ್ಕದಲ್ಲಿ ಕೂತು ಹೇಳಿಕೊಟ್ಟದ್ದು ಇಷ್ಟು: ಪಾನ್ ಹಸಿರು, ಇಂಟರ್‌ನೆಟ್ ಹಸಿರು, ಹೊರಗಿನ ಅಂಕಿಗೆ ಉತ್ತರ ಬರುತ್ತಿದೆ, ನಿಮ್ಮ ಎರಡೂ ಡಿಎನ್‌ಎಸ್ ಉತ್ತರ ಕೊಡುತ್ತಿಲ್ಲ. ಈ ನಾಲ್ಕು ಮಾತು ಕೇಳಿದ ಮೇಲೆ ಆಫ್ ಮಾಡಿ ಆನ್ ಮಾಡಿ ಎನ್ನಲು ಅತ್ತ ಕಡೆಯವರಿಗೆ ಬಾಯಿ ಬರಲಿಲ್ಲ. ಮಳೆಯಲ್ಲಿ ಯಲ್ಲಾಪುರದಿಂದ ಲೈನ್‌ಮನ್ ಬಂದು ಕಂಬ ಹತ್ತುವುದೂ ತಪ್ಪಿತು. ಅವನು ಬಂದಿದ್ದರೂ ಮಾಡುವುದು ಏನೂ ಇರಲಿಲ್ಲ.

ದಾರಿಯೇ ಮುಚ್ಚಿದ್ದರೆ ಕಥೆ ಬೇರೆ. ಅಂಕಿ ಬದಲಾಗುವುದಿಲ್ಲ, ವಾಟ್ಸ್ಆ್ಯಪ್ ಸಂದೇಶಗಳಿಗೂ ಒಂಟಿ ಗುರುತು ಕೂಡ ಬೀಳದೆ ಗಡಿಯಾರದ ಚಿತ್ರವೇ ಉಳಿಯುತ್ತದೆ. ಆಗ ಮೊದಲ ಕೆಲಸ, ಅದೇ ಕಂಪನಿಯ ಸಂಪರ್ಕವಿರುವ ಇನ್ನೊಂದು ಮನೆಗೆ ಕೂಗಿ ಕೇಳುವುದು. ಅವರಿಗೂ ಇಲ್ಲವೆಂದರೆ ಕಂಪನಿಯ ಕಡೆಯ ತೊಂದರೆ ಎಂದು ನಂಬಬಹುದು. ಅವರಿಗೆ ಇದೆ, ನಮಗೆ ಮಾತ್ರ ಇಲ್ಲ ಎಂದಾದರೆ ಬಿಲ್ ನೋಡಿ. ಹಾಸ್ಯಕ್ಕೆ ಹೇಳುತ್ತಿಲ್ಲ. ಬಿಲ್ ಬಾಕಿಯಾದಾಗ ಕೆಲವು ಕಂಪನಿಗಳು ಸಂಪರ್ಕವನ್ನು ಪೂರ್ತಿ ಕಡಿಯುವುದಿಲ್ಲ, ಲೈಟು ಹಸಿರಾಗಿಯೇ ಇರಲು ಬಿಟ್ಟು ಯಾವ ತಾಣ ತೆರೆದರೂ ಹಣ ಕಟ್ಟುವ ಪುಟದ ಕಡೆಗೆ ತಿರುಗಿಸುತ್ತವೆ. ಈಗಿನ ತಾಣಗಳೆಲ್ಲ ಬೀಗ ಹಾಕಿದ ಸಂಪರ್ಕದಲ್ಲಿ ನಡೆಯುವುದರಿಂದ ಆ ತಿರುವು ನಡೆಯದೆ ಬರೀ ಬಿಳಿ ಪುಟ ಕಾಣುತ್ತದೆ. ಬಾಕಿ ಕಟ್ಟಿದ ಮೇಲೆ ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಅದು ಹೊಸದಾಗಿ ಲಾಗಿನ್ ಆಗುತ್ತದೆ.

ಲ್ಯಾಪ್‌ಟಾಪ್ ಇದ್ದವರು ದಾರಿ ಎಲ್ಲಿಯವರೆಗೆ ತೆರೆದಿದೆ ಎಂದು ನೋಡಬಹುದು.

```
tracert -d 8.8.8.8
```

ಇದು ದಾರಿಯಲ್ಲಿ ಸಿಗುವ ಯಂತ್ರಗಳನ್ನು ಒಂದೊಂದು ಸಾಲಾಗಿ ಪಟ್ಟಿ ಮಾಡುತ್ತದೆ. ಆ `-d` ಬಿಡಬಾರದು, ಬಿಟ್ಟರೆ ಪ್ರತಿ ಅಂಕಿಗೂ ಹೆಸರು ಹುಡುಕಲು ಹೋಗಿ ಡಿಎನ್‌ಎಸ್ ಕೆಟ್ಟಾಗ ತೀರಾ ನಿಧಾನವಾಗುತ್ತದೆ. ಮೊದಲ ಸಾಲು ನಮ್ಮ ಮೋಡೆಮ್ಮು, ಎರಡನೆಯದರಿಂದ ಕಂಪನಿಯ ಹದ್ದು ಶುರು. ನಡುವೆ ಒಂದೆರಡು ಸಾಲಿನಲ್ಲಿ ನಕ್ಷತ್ರ ಬಂದರೆ ಗಾಬರಿ ಬೇಡ, ಕೆಲವು ಯಂತ್ರಗಳು ಇಂಥ ಪ್ರಶ್ನೆಗೆ ಉತ್ತರ ಕೊಡುವುದೇ ಇಲ್ಲ. ಒಂದು ಸಾಲಿನ ನಂತರ ಕೊನೆಯವರೆಗೂ ನಕ್ಷತ್ರಗಳೇ ಆದರೆ ಮಾತ್ರ ಅಲ್ಲಿಂದಾಚೆ ದಾರಿಯಿಲ್ಲ. ನಮ್ಮಂಥ ಘಟ್ಟದ ಮೇಲಿನ ಊರುಗಳಿಗೆ ಇನ್ನೊಂದು ಕುರುಹಿದೆ. ಅದೇ ಕಂಪನಿಯ ಮೊಬೈಲ್ ಟವರಿನ ಡೇಟಾ ಕೂಡ ಅದೇ ಹೊತ್ತಿಗೆ ಸತ್ತಿದ್ದರೆ, ರಸ್ತೆಬದಿಯ ದೊಡ್ಡ ಕೇಬಲ್ಲು ಕಡಿದಿರುವ ಸಂಭವ ಹೆಚ್ಚು. ಟವರೂ ಮನೆಯ ಫೈಬರೂ ಮುಂದೆ ಒಂದೇ ಕೇಬಲ್ಲಿನ ಮೇಲೆ ಹೋಗುತ್ತಿರುವುದುಂಟು. ಪರೀಕ್ಷೆಗೆ ಹೋಲಿಸಿ ನೋಡಬೇಕಾದದ್ದು ಹಾಗಾಗಿ ಬೇರೆ ಕಂಪನಿಯ ಸಿಮ್ಮಿನ ಡೇಟಾ.

ಸಾಧನದ ದೋಷಗಳಲ್ಲಿ ಒಂದು ಈ ಕಡೆ ಮಳೆಗಾಲದಲ್ಲಿ ಆಗಾಗ ಕಾಣುವಂಥದ್ದು. ಹಳೆಯ ಕಂಪ್ಯೂಟರು, ದಿನಗಟ್ಟಲೆ ಕರೆಂಟಿಲ್ಲ, ಒಳಗಿನ ಬಟನ್ ಸೆಲ್ ಸತ್ತಿದೆ. ಕರೆಂಟು ಬಂದು ಚಾಲೂ ಮಾಡಿದಾಗ ಅದರ ದಿನಾಂಕ ಹತ್ತಾರು ವರ್ಷ ಹಿಂದಕ್ಕೆ ಹೋಗಿರುತ್ತದೆ. ಬೀಗ ಹಾಕಿದ ತಾಣಗಳು ತಮ್ಮ ಗುರುತಿನ ಪ್ರಮಾಣಪತ್ರ ತೋರಿಸುತ್ತವೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಅವಧಿಯಿರುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ ಆ ಪತ್ರ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಒಂದು ತಾಣವನ್ನೂ ಅದು ನಂಬುವುದಿಲ್ಲ. `NET::ERR_CERT_DATE_INVALID` ಎಂಬ ಸಂದೇಶ ಎಲ್ಲ ತಾಣಗಳಲ್ಲೂ ಕಂಡರೆ ನೆಟ್ಟನ್ನು ಬಿಟ್ಟು ಪರದೆಯ ಮೂಲೆಯ ತಾರೀಕು ನೋಡಿ. ಸರಿಪಡಿಸಿದ ಕೂಡಲೇ ಪುಟಗಳು ಬರುತ್ತವೆ, ಅಗ್ಗದ ಆ ಸೆಲ್ ಬದಲಿಸಿದರೆ ಈ ತೊಂದರೆ ಮತ್ತೆ ಬರುವುದಿಲ್ಲ. ಲ್ಯಾಪ್‌ಟಾಪು ಒಂದಕ್ಕೇ ನೆಟ್ ಇಲ್ಲದಿದ್ದರೆ `ipconfig` ಎಂದು ಬರೆದು ಅದರ ವಿಳಾಸವನ್ನೂ ಒಮ್ಮೆ ನೋಡಿಕೊಳ್ಳಬಹುದು. `169.254` ಎಂದು ಶುರುವಾಗುವ ಅಂಕಿ ಇದ್ದರೆ ಮೋಡೆಮ್ಮಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ, ಲ್ಯಾಪ್‌ಟಾಪು ತನಗೆ ತಾನೇ ಕೊಟ್ಟುಕೊಂಡ ವಿಳಾಸ ಅದು. ವೈಫೈ ಬಿಡಿಸಿ ಮತ್ತೆ ಜೋಡಿಸಬೇಕು.

ಸಾಧನದ ದೋಷದ ಇನ್ನೊಂದು ಬಗೆಯನ್ನು ನಾವೇ ಹುಟ್ಟಿಸಿಕೊಳ್ಳುತ್ತೇವೆ. ಡಿಎನ್‌ಎಸ್ ಕೆಟ್ಟ ದಿನ ಮೊಬೈಲಿನಲ್ಲಿ ಪ್ರೈವೇಟ್ ಡಿಎನ್‌ಎಸ್ ಹೆಸರು ತುಂಬಿಸಿ, ಸರಿಯಾದ ಮೇಲೆ ಮರೆತುಬಿಡುತ್ತೇವೆ. ಹಾಗೆ ಹೆಸರು ತುಂಬಿಸಿದ ಮೇಲೆ ಮೊಬೈಲು ತಾಣಗಳ ಅಂಕಿಯನ್ನು ಬೇರೆ ಯಾರ ಬಳಿಯೂ ಕೇಳುವುದಿಲ್ಲ. ಮುಂದೆ ಹುಬ್ಬಳ್ಳಿಯ ಲಾಡ್ಜೊಂದರ ವೈಫೈಗೆ ಜೋಡಿಸಿದಾಗ ಅಲ್ಲಿಯ ಲಾಗಿನ್ ಪುಟ ಕೆಲವೊಮ್ಮೆ ಬರುವುದಿಲ್ಲ. ಆ ಜಾಲ ಲಾಗಿನ್ ಆಗುವವರೆಗೆ ಹೊರಗಿನ ಡಿಎನ್‌ಎಸ್‌ಗೆ ದಾರಿ ಬಿಡದು, ಮೊಬೈಲು ಒಳಗಿನದನ್ನು ಕೇಳದು. ಅಲ್ಲಿ ಉಳಿದವರಿಗೆಲ್ಲ ನೆಟ್ ಇದ್ದು ನಮಗೊಬ್ಬರಿಗೆ ಇಲ್ಲ. ಕಂಪನಿಯ ಡಿಎನ್‌ಎಸ್ ಎದ್ದ ಮೇಲೆ ಈ ಸೆಟ್ಟಿಂಗನ್ನು ಆಟೋಮ್ಯಾಟಿಕ್‌ಗೆ ಮರಳಿಸುವುದು ಒಳ್ಳೆಯದು. ಭಾವನ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡೆಮ್ಮಿಗೆ ಕೇಳುವ ಸಾಲಿಗೆ ಉತ್ತರ ಬರತೊಡಗಿತ್ತು, ಸಂಜೆಗೆ ಮಗಳು ಲ್ಯಾಪ್‌ಟಾಪಿನಲ್ಲಿ ಬರೆದಿದ್ದ ಅಂಕಿಯನ್ನು ತೆಗೆದಳು.

ಹೊರಗಿನ ಡಿಎನ್‌ಎಸ್‌ನ್ನೇ ಕಾಯಂ ಇಟ್ಟುಕೊಳ್ಳುತ್ತೇನೆ ಎನ್ನುವವರು ಒಂದು ಸಂಗತಿ ತಿಳಿದಿರಬೇಕು. ಕ್ಲೌಡ್‌ಫ್ಲೇರ್ ಕಂಪನಿ 2018ರಿಂದ `1.1.1.1` ಎಂಬ ಅಂಕಿಯಲ್ಲಿ ಇದೇ ಸೇವೆ ಕೊಡುತ್ತಿದೆ, ಅದಕ್ಕೆ ಜೋಡಿಯಾಗಿ `1.0.0.1` ಇದೆ. ಎರಡು ಅಂಕಿ ಕೊಟ್ಟರೆ ಒಂದು ಬಿದ್ದಾಗ ಇನ್ನೊಂದು ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ ಬಹಳ ಜನ ಈ ಜೋಡಿಯನ್ನೇ ತುಂಬಿಸಿಕೊಂಡಿದ್ದರು. 2025ರ ಜುಲೈ 15ರ ನಸುಕಿನಲ್ಲಿ, ನಮ್ಮ ಗಡಿಯಾರದಲ್ಲಿ ಮೂರೂವರೆಯ ಆಸುಪಾಸು, ಆ ಕಂಪನಿಯ ಒಂದು ತಪ್ಪು ಸೆಟ್ಟಿಂಗಿನಿಂದ ಎರಡೂ ಅಂಕಿಗಳು ಒಟ್ಟಿಗೆ ಅಂತರ್ಜಾಲದಿಂದ ಮಾಯವಾದವು. ಸುಮಾರು ಒಂದು ಗಂಟೆ ಕಾಲ, ತಂತಿ ಸರಿಯಿದ್ದೂ ಲೈಟು ಹಸಿರಿದ್ದೂ, ಆ ಜೋಡಿಯನ್ನೇ ನಂಬಿದವರಿಗೆ ಒಂದೂ ಪುಟ ತೆರೆಯಲಿಲ್ಲ. ಎರಡು ಅಂಕಿ ತುಂಬಿಸುವುದಾದರೆ ಒಂದು ಈ ಕಂಪನಿಯದು, ಇನ್ನೊಂದು ಆ ಕಂಪನಿಯದು ಇರಲಿ. ಪರೀಕ್ಷೆಗೂ ಅಷ್ಟೇ. `8.8.8.8` ಉತ್ತರ ಕೊಡಲಿಲ್ಲವೆಂದು ಕೂಡಲೇ ಕಂಪನಿಗೆ ಫೋನ್ ಹಚ್ಚುವ ಮೊದಲು `1.1.1.1` ಅನ್ನೂ ಒಮ್ಮೆ ಕರೆದು ನೋಡಿ. ಎರಡೂ ಮೌನವಾದರೆ ಮಾತ್ರ ದೂರು ಬರೆಸಿ.